ಆರು ತಿಂಗಳ ಬ್ಯಾಟರಿ ಮತ್ತು ಬೀದಿಗೆ ತಿರುಗಿದ ಕ್ಯಾಮೆರಾ

ವೈರ್ ಇಲ್ಲದ ಸೆಕ್ಯುರಿಟಿ ಕ್ಯಾಮೆರಾದ ಡಬ್ಬಿಯ ಮೇಲೆ ಬರೆದಿರುವ 'ಆರು ತಿಂಗಳು' ಎನ್ನುವುದು ದಿನಕ್ಕೆ ಕೆಲವೇ ಬಾರಿ ಎಚ್ಚರಗೊಳ್ಳುವ ಕ್ಯಾಮೆರಾದ ಲೆಕ್ಕ. ಮಲಗಿದ್ದಾಗಲೂ ಅದರ ಚಲನೆಯ ಸೆನ್ಸರ್ ಮತ್ತು ವೈಫೈ ಸಂಪರ್ಕ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. 5200 ಎಂಎಎಚ್ ಬ್ಯಾಟರಿ ಇದೆ, ಮಲಗಿದ್ದಾಗ ಸರಾಸರಿ 1.5, ರೆಕಾರ್ಡ್ ಮಾಡುವಾಗ 300 ಮಿಲಿಆಂಪಿಯರ್ ಬೇಕು ಎಂದಿಟ್ಟುಕೊಳ್ಳಿ. ಮಲಗಿದ್ದರ ಖರ್ಚು ದಿನಕ್ಕೆ 36 ಎಂಎಎಚ್. 20 ಸೆಕೆಂಡಿನ ಹತ್ತು ಕ್ಲಿಪ್‌ಗಳಿಗೆ ಇನ್ನೊಂದು 17. ಅಂದರೆ ಚಾರ್ಜ್ ಮೂರು ತಿಂಗಳು ದಾಟುತ್ತದೆ. ಅದೇ ಕ್ಯಾಮೆರಾ ಬೀದಿ ನೋಡುತ್ತಾ ದಿನಕ್ಕೆ 90 ಕ್ಲಿಪ್ ತೆಗೆದರೆ ನಾಲ್ಕೇ ವಾರ.

ಹಾಗಾದರೆ ಕ್ಲಿಪ್ಪನ್ನು 10 ಸೆಕೆಂಡಿಗೆ ಇಳಿಸಬಹುದಲ್ಲ ಎನ್ನಬಹುದು. ಇಳಿಸಿದರೆ ಸುಮಾರು 47 ದಿನ ಬರುತ್ತದೆ, ನಿಜ. ಆದರೆ ಗೇಟು ದಾಟಿದವನು ಬಾಗಿಲಿಗೆ ಬರುವಷ್ಟರಲ್ಲಿ ಕ್ಲಿಪ್ ಮುಗಿದಿರುತ್ತದೆ. ಎಷ್ಟೋ ಕ್ಯಾಮೆರಾಗಳು ಒಂದು ಕ್ಲಿಪ್ ಆದ ಮೇಲೆ ಸ್ವಲ್ಪ ಹೊತ್ತು ಬಿಡುವು ತೆಗೆದುಕೊಳ್ಳುವುದರಿಂದ ಮುಖ್ಯ ಘಟನೆಯೇ ತಪ್ಪಿಹೋಗಬಹುದು. ಸೋಲಾರ್ ಪ್ಯಾನೆಲ್ ಹಾಕಿದರಾಯಿತು ಎನ್ನುವವರು ಮಲೆನಾಡಿನ ಮಳೆಗಾಲವನ್ನು ನೆನೆಯಬೇಕು. ಉಳಿತಾಯ ಮಾಡಬೇಕಾದದ್ದು ಕ್ಲಿಪ್ಪಿನ ಉದ್ದದಲ್ಲಲ್ಲ, ಸುಳ್ಳು ಎಚ್ಚರಗಳಲ್ಲಿ. ಕ್ಯಾಮೆರಾವನ್ನು ಬೀದಿಯಿಂದ ಅಂಗಳದ ಕಡೆಗೆ ತಿರುಗಿಸಿ, ಸೆನ್ಸರ್‌ನ ಸೂಕ್ಷ್ಮತೆ ತಗ್ಗಿಸಿ. ಮೊದಲ ವಾರ ಚಾರ್ಜ್ ಶೇಕಡಾ ಎಷ್ಟು ಇಳಿಯಿತೆಂದು ನೋಡಿ, ಶೇಕಡಾ 20ಕ್ಕೆ ತಲುಪುವ ದಿನವನ್ನು ಲೆಕ್ಕ ಹಾಕಿ, ಆ ದಿನವೇ ಚಾರ್ಜಿಗೆ ಹಾಕಿ.