ಕ್ಯುಸೆಕ್ ಎಷ್ಟು ಅಂತ ಬರೀರಿ

ನಮ್ಮೂರು ಗಂಗಾವತಿ ಕಡೆ, ಹೊಳೆ ದಂಡೆಗೆ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಇದ್ದೇವೆ: ಊರಲ್ಲೇ ಇರೋರು, ಕುಷ್ಟಗಿ, ಯಲಬುರ್ಗಾ ಕಡೆ ಮದುವೆಯಾಗಿ ಹೋದವರು, ಕೊಪ್ಪಳದಲ್ಲಿ ನೌಕರಿ ಮಾಡೋರು, ನನ್ನ ಹಾಗೆ ಹಾಸ್ಟೆಲ್ ಸೇರಿದವರು. ಅಡ್ಮಿನ್ ಗೊಬ್ಬರದ ಅಂಗಡಿ ಕಾಕಾ. ಅವರು ಹಾಕಿರೋ ನಿಯಮಗಳ ಪೋಸ್ಟಿನಲ್ಲಿ, ಬೇರೆ ಯಾವ ಗ್ರೂಪಿನಲ್ಲೂ ನಾನು ನೋಡದ ಒಂದು ಮಾತಿದೆ: "ಹೊಳಿ ನೀರಿನ ಸುದ್ದಿ ಹಾಕೋರು ಕ್ಯುಸೆಕ್ ಎಷ್ಟು, ಯಾವ ತಾರೀಖು, ಯಾರು ಹೇಳಿದ್ದು, ಮೂರೂ ಬರೀರಿ. ಇಲ್ಲಾಂದ್ರ ಡಿಲೀಟ್ ಮಾಡ್ತೀನಿ."

ಈ ನಿಯಮಕ್ಕೆ ಕಾರಣ 2024ರ ಆಗಸ್ಟ್ 10ರ ರಾತ್ರಿ. ತುಂಗಭದ್ರಾ ಡ್ಯಾಮಿನ 33 ಗೇಟುಗಳ ಪೈಕಿ 19ನೇದರ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತು. ಸ್ವಲ್ಪ ಹೊತ್ತಿಗೆ ಗ್ರೂಪಿನಲ್ಲಿ ಫಾರ್ವರ್ಡ್‌ಗಳ ಪ್ರವಾಹ. ಯಾವುದೋ ಡ್ಯಾಮಿನ ಎಲ್ಲ ಗೇಟು ಭೋರ್ಗರೆಯೋ ವಿಡಿಯೋ ಬಂತು, ತಾರೀಖಿಲ್ಲ. "ಡ್ಯಾಮ್ ಒಡದೈತಿ, ಊರು ಬಿಡ್ರಿ" ಅನ್ನೋ ಆಡಿಯೋ ಬಂತು, ಹೆಸರಿಲ್ಲ. ಯಲಬುರ್ಗಾದ ಅತ್ತೆ ಅಳುತ್ತಾ ಫೋನ್ ಮಾಡಿದರು. ಅವರದು ಮಳೆ, ಬೋರ್‌ವೆಲ್ ನಂಬಿದ ಊರು; ಹೊಳೆಯ ಲೆಕ್ಕ ಅವರಿಗೆ ಹೇಗೆ ಗೊತ್ತಾಗಬೇಕು? ಒಂದು ಮನೆಯವರಂತೂ ರಾತ್ರಿನೇ ದನ ಬಿಚ್ಚಿ, ಮುದುಕರನ್ನು ಟ್ರ್ಯಾಕ್ಟರಿಗೆ ಹತ್ತಿಸಿದರು. ಇದರ ನಡುವೆ, ಹೊಳೆಗೆ ಇಳಿಯಬೇಡಿ, ದಂಡೆಯಲ್ಲಿರೋರು ಎಚ್ಚರ ಅನ್ನೋ ನಿಜವಾದ ಸೂಚನೆಯೂ ಬಂದಿತ್ತು. ಅದು ಐವತ್ತು ಅರವತ್ತು ಮೆಸೇಜುಗಳ ಕೆಳಗೆ ಮುಳುಗಿಹೋಗಿತ್ತು. ನನಗೆ ಸುಳ್ಳಿಗಿಂತ ಇದೇ ಹೆಚ್ಚು ಅಪಾಯ ಅನಿಸುತ್ತೆ.

ಬೆಳಿಗ್ಗೆ ಕಾಕಾ ಲೆಕ್ಕ ಹಾಕಿ ಬರೆದರು. ಆ ಒಂದು ಗೇಟಿನಿಂದ ಹೋಗ್ತಿದ್ದದ್ದು ಸುಮಾರು 35,000 ಕ್ಯುಸೆಕ್. ಡ್ಯಾಮಿನ ಮೇಲಿನ ಒತ್ತಡ ಇಳಿಸೋಕೆ ಬೇರೆ ಗೇಟುಗಳನ್ನೂ ತೆಗೆದಿದ್ದರಿಂದ ಒಟ್ಟು ಒಂದು ಲಕ್ಷದ ಆಸುಪಾಸು. 2019ರ ಆಗಸ್ಟ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಬಿಟ್ಟಿದ್ದರು, ಆಗ ನೀರು ಎಲ್ಲಿವರೆಗೆ ಬಂದಿತ್ತು ಅಂತ ಊರಿನ ಎಲ್ಲರಿಗೂ ಗೊತ್ತು. ಹಾಗಾದರೆ ಇದು ಅದರ ಅರ್ಧ. ಪಂಪ್‌ಸೆಟ್ ಮೇಲಕ್ಕೆ ತರಬೇಕು, ಮನೆ ಬಿಡಬೇಕಾಗಿಲ್ಲ. ಗೋಡೆ ಗಟ್ಟಿ ಇರೋ ತನಕ ಮಾತ್ರ ಈ ಲೆಕ್ಕ, ಅಂತಲೂ ಸೇರಿಸಿದ್ದರು. ತಾರೀಖು ಬೇಕು ಅನ್ನೋದೂ ಇದಕ್ಕೇ: 2019ರ ನಂಬರನ್ನು ಇವತ್ತಿನದು ಅಂತ ಓದಿದರೆ ನಂಬರ್ ಸರಿ ಇದ್ದೂ ಸುದ್ದಿ ಸುಳ್ಳೇ.

ವಾಟ್ಸಾಪೇ ಎರಡು ಬಾಣದ ಗುರುತು ಹಾಕುತ್ತಲ್ಲ ಅಂತ ನೀವು ಕೇಳಬಹುದು. ಐದು ಅಥವಾ ಹೆಚ್ಚು ಕೈ ದಾಟಿದ ಮೆಸೇಜಿಗೆ ಆ ಗುರುತು ಬರುತ್ತೆ, ಆಮೇಲೆ ಅದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಬಹುದು. ಆದ್ರೆ ಅದು ಎಣಿಸೋದು ಕೈಗಳನ್ನ, ನಿಜವನ್ನಲ್ಲ. ಟೆಕ್ಸ್ಟ್ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಅದು ಹೊಸ ಮೆಸೇಜ್, ಎಣಿಕೆ ಮತ್ತೆ ಸೊನ್ನೆಯಿಂದ. ಕಾಕಾನ ಮೂರು ಪ್ರಶ್ನೆ ಕಾಪಿ ಪೇಸ್ಟಿಗೂ ಅನ್ವಯಿಸುತ್ತೆ.

ಎರಡನೇ ನಿಯಮ, ರಾಜಕೀಯ ಬ್ಯಾಡ ಅನ್ನೋದು, ಅಷ್ಟು ಸಲೀಸಾಗಿಲ್ಲ. ಭತ್ತದ ಊರಲ್ಲಿ ನೀರೇ ರಾಜಕೀಯ. ಗೇಟ್ ಹೋದಾಗ ಎಲ್ಲರ ಬಾಯಲ್ಲಿದ್ದದ್ದು ಒಂದೇ: ಎರಡನೇ ಬೆಳೆಗೆ ಕಾಲುವೆ ನೀರು ಉಳಿಯುತ್ತಾ? ಒಬ್ಬ ಹುಡುಗ, "70 ವರ್ಷದ ಚೈನ್ ಯಾರು ಚೆಕ್ ಮಾಡ್ತಿದ್ರು?" ಅಂತ ಕೇಳಿ, ಕೊನೆಗೆ ಒಂದು ಪಾರ್ಟಿ ಹೆಸರು ಹಿಡಿದು ಬೈದಿದ್ದ. ಕಾಕಾ ಇಡೀ ಮೆಸೇಜ್ ತೆಗೆದರು. ಒಳ್ಳೆ ಪ್ರಶ್ನೆನೂ ಅದರ ಜೊತೆ ಹೋಯ್ತು, ಅದು ತಪ್ಪು ಅಂತ ನಾಲ್ಕೈದು ಜನ ಬರೆದರು. ಅವರು ಸರಿ ಅಂತ ನನಗೂ ಅನಿಸ್ತು. ಅಡ್ಮಿನ್‌ಗೆ ಬೇರೆಯವರ ಮೆಸೇಜ್ ಅಳಿಸೋಕೆ ಬರುತ್ತೆ, ತಿದ್ದೋಕೆ ಬರಲ್ಲ. ಕೊನೆಗೆ ಕಾಕಾನೇ, "ತಮ್ಮಾ, ಕಡೀ ಸಾಲು ಬಿಟ್ಟು ಮತ್ತ ಹಾಕು" ಅಂದರು. ಅವನು ಹಾಕಿದ. ಪೋಸ್ಟಿಗೆ ಒಂದು ಸಾಲು ಸೇರಿತು: "ಕೆಲಸದ ಬಗ್ಗೆ ಕೇಳ್ರಿ, ಪಾರ್ಟಿ, ಜಾತಿ ಹಿಡಿದು ಬೈಬ್ಯಾಡ್ರಿ." ಎಲೆಕ್ಷನ್ ಬಂದಾಗ ಇದು ಎಷ್ಟು ನಿಲ್ಲುತ್ತೋ ನೋಡಬೇಕು.

ಮರ್ಯಾದೆ ಬಗ್ಗೆ ಇರೋದು ಚಿಕ್ಕದು, ಆದ್ರೆ ಖಡಕ್: "ಗ್ರೂಪಿನ್ಯಾಗಿನ ನಂಬರ್ ತಗೊಂಡು ಹೆಣ್ಮಕ್ಕಳಿಗೆ ಬ್ಯಾರೆ ಮೆಸೇಜ್ ಮಾಡಿದ್ರ ಅವತ್ತೇ ತೆಗಿತೀನಿ, ಯಾರ ಮಗ ಅಂತ ನೋಡಂಗಿಲ್ಲ." ಒಬ್ಬನನ್ನು ತೆಗೆದೂ ಆಗಿದೆ, ಅವನ ಅಪ್ಪ ಅಂಗಡಿಯ ಖಾಯಂ ಗಿರಾಕಿ.

ಈಗ ಮಳೆಗಾಲದಲ್ಲಿ ಯಾರಾದರೂ "ಹೊಳಿ ತುಂಬೈತಿ" ಅಂದರೆ ಸಾಕು, ಕಾಕಾನಿಗಿಂತ ಮುಂಚೆ ಯಲಬುರ್ಗಾದ ಅತ್ತೆನೇ "ಕ್ಯುಸೆಕ್ ಎಷ್ಟು?" ಅಂತ ಕೇಳ್ತಾರೆ. ಮೊನ್ನೆ ಒಬ್ಬರು ಮದುವೆ ಕಾರ್ಡ್ ಹಾಕಿ ತಾರೀಖು ಮರೆತಿದ್ದರು, ಅವರಿಗೂ ಅದೇ ಪ್ರಶ್ನೆ ಹೋಯ್ತು.