ಹಾಡು ಸರಾಗ, ಮಾತು ತುಂಡು

ನಮ್ಮ ಕಾರು 2013ರದು, ಅದರ ಸ್ಟೀರಿಯೋಗೂ ಅಷ್ಟೇ ವಯಸ್ಸು. ನನ್ನ ಹೊಸ ಫೋನಿಗೂ ಅದಕ್ಕೂ ಬ್ಲೂಟೂತ್ ನಂಟು ಬೆಸೆಯಹೋದರೆ, ಅದು ಸುತರಾಂ ಒಲ್ಲೆನೆಂದಿತು. ಇಂಥ ಹಳೆಯ ಸ್ಟೀರಿಯೋಗಳು ಕೆಲವೇ ಫೋನುಗಳನ್ನು ನೆನಪಿಟ್ಟುಕೊಳ್ಳುತ್ತವೆ. ನಮ್ಮದರ ಪಟ್ಟಿಯಲ್ಲಿ ಎಂದೋ ಕೆಟ್ಟುಹೋದ ಫೋನುಗಳ ಜೊತೆಗೆ, ಗೃಹಪ್ರವೇಶಕ್ಕೆ ಬಂದಿದ್ದ ಭಾವನವರ ಫೋನೂ ಠಿಕಾಣಿ ಹೂಡಿತ್ತು. ಗಾಡಿ ನಿಲ್ಲಿಸಿಕೊಂಡು ಅವನ್ನೆಲ್ಲ ಅಳಿಸಿದೆ. ನನ್ನ ಫೋನಿನಲ್ಲೂ ಅರ್ಧಂಬರ್ಧ ಸೇರಿಕೊಂಡಿದ್ದ ಸ್ಟೀರಿಯೋ ಹೆಸರನ್ನು Forget ಒತ್ತಿ ತೆಗೆದೆ. ಆಮೇಲೆ ಹೊಸದಾಗಿ ಹುಡುಕಿ 0000 ಎಂದು ಒತ್ತಿದ್ದೇ ತಡ, ಎರಡೂ ಒಂದಾದವು.

ಹಾಡು ಚೆನ್ನಾಗಿ ಬರುತ್ತಿತ್ತು. ತೊಂದರೆಯಾದದ್ದು ಮಾತಿಗೆ. ಸಂಜೆ ಕಾಲೇಜಿನಿಂದ ಮಗಳನ್ನು ಹತ್ತಿಸಿಕೊಂಡು ಬರುವ ಹೊತ್ತಿಗೆ ಸರಿಯಾಗಿ ಊರಿನಿಂದ ಅಮ್ಮನ ಫೋನು. ಗಾಡಿ ಓಡಿಸುವವಳು ನಾನು, ಕೈಯಲ್ಲಿ ಹಿಡಿಯುವ ಹಾಗಿಲ್ಲ. "ಬಿಪಿ ಮಾತ್ರೆ ತ..." ಎನ್ನುವಷ್ಟರಲ್ಲಿ ದನಿ ಮಾಯ. ತಗೊಂಡಳೋ, ತಪ್ಪಿಸಿದಳೋ? ಒಬ್ಬಳೇ ಇರುವ ಎಂಬತ್ತರ ಮುದುಕಿಯ ವಿಷಯದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಒಂದು ದಿನ ದನಿ ಕಡಿದ ಜಾಗದಲ್ಲೇ ಗಾಡಿ ಬದಿಗೆ ನಿಲ್ಲಿಸಿ, ಬ್ಲೂಟೂತ್ ಆರಿಸಿ, ಫೋನನ್ನು ಕಿವಿಗೇ ಹಿಡಿದೆ. ಹತ್ತು ನಿಮಿಷ ಅಮ್ಮನ ಒಂದಕ್ಷರವೂ ಕಳೆಯಲಿಲ್ಲ. ಅಲ್ಲಿಗೆ ಟವರಿನದೇನೂ ತಪ್ಪಿಲ್ಲವೆಂದಾಯಿತು. ದೋಷ ಫೋನಿಗೂ ಸ್ಟೀರಿಯೋಗೂ ನಡುವಿನ ಎರಡಡಿ ಜಾಗದಲ್ಲೇ ಇತ್ತು.

ಹಾಗಾದರೆ ಹಾಡೇಕೆ ಕಡಿಯುವುದಿಲ್ಲ? ಹಾಡೆಂದರೆ ಮಾಳಿಗೆಯ ಮೇಲಿನ ಟ್ಯಾಂಕಿನ ನೀರಿದ್ದಂತೆ. ಸ್ವಲ್ಪ ಮೊದಲೇ ಬಂದು ಶೇಖರವಾಗಿರುತ್ತದೆ, ನಡುವೆ ಕಳೆದದ್ದನ್ನು ಮತ್ತೆ ಕಳಿಸಲೂ ಸಮಯವಿರುತ್ತದೆ. ಮಾತು ನೇರ ನಲ್ಲಿಯ ನೀರು. ಕ್ಷಣ ನಿಂತರೂ ಕೊಡ ಖಾಲಿ.

ಕಾರಣ ಹುಡುಕುತ್ತಾ ಹೋದೆ. ಫೋನು ಇರುತ್ತಿದ್ದದ್ದು ಸೀಟಿನ ಕೆಳಗಿನ ಚೀಲದಲ್ಲಿ, ಸ್ಟೀಲಿನ ಊಟದ ಡಬ್ಬಿ, ನೀರಿನ ಬಾಟಲಿಗಳ ಮಗ್ಗುಲಲ್ಲಿ. ಲೋಹವೂ ನೀರೂ ಈ ಅಲೆಗಳನ್ನು ತಡೆಯುತ್ತವೆ. ಸ್ಟೀರಿಯೋ ಪಕ್ಕದ ಸ್ಟ್ಯಾಂಡಿಗೆ ಸಿಕ್ಕಿಸಿದ ಮೇಲೆ ಕಡಿಯುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಆಮೇಲೆ ಗಮನಕ್ಕೆ ಬಂತು: ಮಗಳಿಗೆ ರಜೆ ಇದ್ದ ದಿನ ಅಮ್ಮನ ದನಿ ಸ್ಫಟಿಕ. ಮಗಳು ಹಿಂದಿನ ಸೀಟಿನಲ್ಲಿ ಕುಳಿತು, ನನ್ನ ಫೋನಿನ ಹಾಟ್‌ಸ್ಪಾಟಿನಿಂದಲೇ ಲ್ಯಾಪ್‌ಟಾಪಿನಲ್ಲಿ ಪಾಠ ನೋಡುವುದು ವಾಡಿಕೆ. ಆ ಹಾಟ್‌ಸ್ಪಾಟೂ ಬ್ಲೂಟೂತೂ ಓಡಾಡುವುದು 2.4 ಗಿಗಾಹರ್ಟ್ಸಿನ ಒಂದೇ ಓಣಿಯಲ್ಲಿ. ಒಂದೇ ಫೋನು ಎರಡನ್ನೂ ನಿಭಾಯಿಸುವಾಗ, ಕಾಯಲಾರದ ಮಾತೇ ಮೊದಲು ಬಲಿಯಾಗುತ್ತದೆ. ಹಾಟ್‌ಸ್ಪಾಟಿನ ಸೆಟ್ಟಿಂಗಿನಲ್ಲಿ 5 GHz ಆರಿಸಿದೆವು. ಮಾರನೆಯ ಸಂಜೆ ಅಮ್ಮ ಮಾತ್ರೆಯಿಂದ ಹಿಡಿದು ಪಕ್ಕದ ಮನೆಯ ಎಮ್ಮೆ ಕರು ಹಾಕಿದ್ದರವರೆಗೆ ಎಲ್ಲವನ್ನೂ ತಡೆಯಿಲ್ಲದೆ ಹೇಳಿದಳು.

ಕೆಲವು ಹಳೆಯ ಲ್ಯಾಪ್‌ಟಾಪುಗಳಿಗೆ ಈ 5 GHz ಕಾಣಿಸುವುದೇ ಇಲ್ಲ. ಮಗಳ ಗೆಳತಿಯದು ಅಂಥದ್ದು. ಅವಳು ಗಾಡಿ ಹತ್ತಿದ ದಿನ ಅಮ್ಮನ ಮಾತು ಮುಗಿಯುವ ತನಕ ಹಾಟ್‌ಸ್ಪಾಟನ್ನೇ ಆರಿಸಿಬಿಡುತ್ತೇವೆ.