ಎಂಟು ವಾರದ ಬಸಿರು, ಆರು ವಾರದ ಭ್ರೂಣ

ಬಸಿರಿನ ಲೆಕ್ಕವನ್ನು ಮನೆಯ ಹಿರಿಯರು ತಿಂಗಳುಗಳಲ್ಲಿ ಇಡುತ್ತಾರೆ, ಆಸ್ಪತ್ರೆಯವರು ವಾರಗಳಲ್ಲಿ. ಎರಡೂ ತಪ್ಪಲ್ಲ. ಆದರೆ ಎಣಿಕೆ ಯಾವ ದಿನದಿಂದ ಶುರುವಾಗುತ್ತದೆ ಎಂಬುದು ತಿಳಿಯದಿದ್ದರೆ ಒಂದು ಸಣ್ಣ ಅಂಕಿ ಸಂಸಾರವನ್ನೇ ಕಲಕಿಬಿಡಬಹುದು.

ಕರಾವಳಿಯ ಒಂದು ಮನೆಯಲ್ಲಿ 2025ರಲ್ಲಿ ಹಾಗೆಯೇ ಆಯಿತು. ಗಲ್ಫ್‌ನಲ್ಲಿ ದುಡಿಯುವ ಮಗ ರಜೆಯ ಮೇಲೆ ಊರಿಗೆ ಬಂದದ್ದು ಜನವರಿ 20ಕ್ಕೆ. ಮಾರ್ಚ್ 7ರಂದು ಸೊಸೆಯನ್ನು ಪರೀಕ್ಷಿಸಿದ ಆಸ್ಪತ್ರೆಯವರು ತಾಯಿ ಕಾರ್ಡಿನಲ್ಲಿ ‘8 ವಾರ’ ಎಂದು ಬರೆದರು. ಅತ್ತೆ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಿಸಿದರು. ಮಗ ಬಂದು 46 ದಿನ, ಅಂದರೆ ಆರೂವರೆ ವಾರ. ಹಾಗಾದರೆ ಎಂಟು ವಾರ ಎಲ್ಲಿಂದ ಬಂತು? ಬಾಯಿಬಿಟ್ಟು ಯಾರೂ ಕೇಳಲಿಲ್ಲ, ಆದರೆ ಊಟದ ಹೊತ್ತಿನ ಮಾತು ನಿಂತುಹೋಯಿತು. ಮನೆಭೇಟಿಗೆ ಬಂದ ಸಿಸ್ಟರ್‌ಗೆ ಸಂಗತಿ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. “ಅಮ್ಮಾ, ನಾವು ಎಣಿಸುವುದು ಗರ್ಭ ನಿಂತ ದಿನದಿಂದಲ್ಲ. ನಿಮ್ಮ ಸೊಸೆ ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ” ಎಂದರು.

ಇದೇನು ವಿಚಿತ್ರ ಎನಿಸಬಹುದು. ಮುಟ್ಟಿನ ದಿನ ಗರ್ಭವೇ ಇರುವುದಿಲ್ಲವಲ್ಲ! ನಿಜ. ಆದರೆ ಅಂಡ ಬಿಡುಗಡೆಯಾದ ದಿನ ಹೆಂಗಸಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ, ಮುಟ್ಟಾದ ದಿನ ತಿಳಿಯುತ್ತದೆ. ಆದ್ದರಿಂದ ಗೊತ್ತಿರುವ ದಿನದಿಂದಲೇ ಎಣಿಕೆ. ಮುಟ್ಟು 28 ದಿನಕ್ಕೊಮ್ಮೆ ಬರುವವರಲ್ಲಿ ಅಂಡ ಹೊರಬರುವುದು ಸುಮಾರು ಎರಡು ವಾರದ ನಂತರ. ಈ ಸೊಸೆಯ ಕೊನೆಯ ಮುಟ್ಟು ಶುರುವಾದದ್ದು ಜನವರಿ 10, ಶುಕ್ರವಾರ. ಗರ್ಭ ನಿಂತದ್ದು ಜನವರಿ 24ರ ಆಸುಪಾಸು, ಅಂದರೆ ಗಂಡ ಬಂದ ಮೇಲೆಯೇ. ಮಾರ್ಚ್ 7ಕ್ಕೆ ಕಾರ್ಡಿನ ಲೆಕ್ಕ ಎಂಟು ವಾರ. ಒಳಗಿರುವ ಭ್ರೂಣದ ನಿಜವಾದ ವಯಸ್ಸು ಆರು ವಾರ.

ಹೆರಿಗೆಯ ದಿನವನ್ನು ಅಂದಾಜು ಮಾಡುವ ಸೂತ್ರಕ್ಕೆ ಜರ್ಮನಿಯ ಪ್ರಸೂತಿ ವೈದ್ಯ ನೇಗೆಲೆ ಅವರ ಹೆಸರಿದೆ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಸೇರಿಸಿ, ಮತ್ತೆ ಏಳು ದಿನ ಸೇರಿಸಬೇಕು. ಜನವರಿ 10ಕ್ಕೆ ಒಂಬತ್ತು ತಿಂಗಳು ಸೇರಿದರೆ ಅಕ್ಟೋಬರ್ 10, ಏಳು ದಿನ ಸೇರಿದರೆ ಅಕ್ಟೋಬರ್ 17. ಇದು 280 ದಿನ, ಸರಿಯಾಗಿ 40 ವಾರ. ಆದ್ದರಿಂದ ಎರಡೂ ದಿನಗಳು ಒಂದೇ ವಾರ ಬರಬೇಕು. ಇಲ್ಲಿ ಎರಡೂ ಶುಕ್ರವಾರವೇ. ತಿಂಗಳುಗಳ ದಿನಗಳು ಒಂದೇ ಸಮನಾಗಿಲ್ಲದ ಕಾರಣ ಕೆಲವು ತಾರೀಕುಗಳಲ್ಲಿ ಸೂತ್ರ ಎರಡು ಮೂರು ದಿನ ಮುಂದೆ ಹೋಗುತ್ತದೆ. ವಾರ ನೋಡಿದರೆ ಅದು ಗೊತ್ತಾಗುತ್ತದೆ.

ನಲವತ್ತು ವಾರವನ್ನು ನಾಲ್ಕರಿಂದ ಭಾಗಿಸಿ ‘ಹತ್ತು ತಿಂಗಳು’ ಎನ್ನುವವರಿದ್ದಾರೆ. ಆದರೆ ಫೆಬ್ರವರಿ ಬಿಟ್ಟು ಯಾವ ತಿಂಗಳೂ ನಾಲ್ಕೇ ವಾರದ್ದಲ್ಲ. ಗೊಂದಲ ಬೇಡವೆಂದೇ ವೈದ್ಯರು ವಾರ ಹೇಳುತ್ತಾರೆ, ಅವುಗಳನ್ನು ಮೂರು ತ್ರೈಮಾಸಿಕಗಳಾಗಿ ವಿಂಗಡಿಸುತ್ತಾರೆ. 14 ವಾರ ತುಂಬುವವರೆಗೆ ಮೊದಲನೆಯದು, 28 ತುಂಬುವವರೆಗೆ ಎರಡನೆಯದು, ಅಲ್ಲಿಂದ ಹೆರಿಗೆಯವರೆಗೆ ಮೂರನೆಯದು. ಈ ಸೊಸೆಗೆ ಎರಡನೆಯದು ಏಪ್ರಿಲ್ 18ಕ್ಕೆ, ಮೂರನೆಯದು ಜುಲೈ 25ಕ್ಕೆ ಶುರು. ಸೆಪ್ಟೆಂಬರ್ 26ಕ್ಕಿಂತ ಮೊದಲು, ಅಂದರೆ 37 ವಾರ ತುಂಬುವ ಮೊದಲು, ಮಗು ಹುಟ್ಟಿದರೆ ಅವಧಿಪೂರ್ವ ಹೆರಿಗೆ.

ಸೂತ್ರಕ್ಕೆ ಮಿತಿಯಿದೆ. ಮುಟ್ಟು 35 ದಿನಕ್ಕೊಮ್ಮೆ ಬರುವವರಲ್ಲಿ ಅಂಡ ಸುಮಾರು ಒಂದು ವಾರ ತಡವಾಗಿ ಬಿಡುಗಡೆಯಾಗುತ್ತದೆ; ಹೆರಿಗೆಯ ದಿನವೂ ವಾರ ಮುಂದೆ ಹೋಗಬೇಕು. ಮುಟ್ಟು ಹೇಗೆಂದರೆ ಹಾಗೆ ಬರುವವರಿಗೆ, ದಿನ ನೆನಪಿಲ್ಲದವರಿಗೆ ಸೂತ್ರದಿಂದ ಪ್ರಯೋಜನ ಕಡಿಮೆ. ಅಂಥವರಿಗೆ 14 ವಾರದೊಳಗಿನ ಸ್ಕ್ಯಾನಿಂಗ್ ಆಧಾರ. ಆ ಹಂತದಲ್ಲಿ ಭ್ರೂಣಗಳ ಬೆಳವಣಿಗೆ ಹೆಚ್ಚು ಕಡಿಮೆ ಒಂದೇ ರೀತಿ ಇರುವುದರಿಂದ ನೆತ್ತಿಯಿಂದ ಪೃಷ್ಠದವರೆಗಿನ ಉದ್ದ ಅಳೆದು ವಯಸ್ಸು ಹೇಳಬಹುದು. ಈ ಸೊಸೆಯ ಸ್ಕ್ಯಾನಿಂಗ್‌ನಲ್ಲಿ ಕಂಡ ವ್ಯತ್ಯಾಸ ಎರಡೇ ದಿನ. ಅಷ್ಟಕ್ಕೆ ದಿನ ಬದಲಿಸುವುದಿಲ್ಲ.

ಎಡವಟ್ಟಾಗುವುದು ಕೊನೆಯ ತಿಂಗಳುಗಳಲ್ಲಿ. ಆಗಿನ ಸ್ಕ್ಯಾನಿಂಗ್ ವರದಿ ಬೇರೊಂದು ದಿನ ತೋರಿಸಿದರೆ ಮನೆಯವರು ಹಳೆಯದನ್ನು ಬಿಟ್ಟು ಅದನ್ನೇ ಹಿಡಿಯುತ್ತಾರೆ. ಆದರೆ ಆ ಹೊತ್ತಿಗೆ ಕೆಲವು ಮಕ್ಕಳು ದಪ್ಪಗೆ, ಕೆಲವು ಸಣ್ಣಗೆ ಬೆಳೆದಿರುತ್ತವೆ. ಮೂರು ವಾರದವರೆಗೂ ಅಂದಾಜು ತಪ್ಪಬಹುದು. ಬೆಳವಣಿಗೆ ಕುಂಠಿತವಾದ ಮಗುವನ್ನು ‘ಇನ್ನೂ ದಿನ ತುಂಬಿಲ್ಲ’ ಎಂದು ಬಿಟ್ಟುಬಿಡುವ ಅಪಾಯ ಅಲ್ಲಿಯೇ ಇರುವುದು. ಮೊದಲ ಸ್ಕ್ಯಾನಿಂಗ್ ವರದಿಯನ್ನು ತಾಯಿ ಕಾರ್ಡಿನೊಳಗೇ ಇಟ್ಟು ಪ್ರತಿ ಸಲವೂ ವೈದ್ಯರಿಗೆ ತೋರಿಸಬೇಕು. ಅಲ್ಲಿ ಗೊತ್ತಾದ ದಿನವೂ ಅಂದಾಜೇ ಹೊರತು ಮುಹೂರ್ತವಲ್ಲ. ಸರಿಯಾಗಿ ಅದೇ ದಿನ ಹುಟ್ಟುವ ಮಗು ಇಪ್ಪತ್ತರಲ್ಲಿ ಸುಮಾರು ಒಂದು.